ಹನ್ನೆರಡು ಗಂಟೆ ನಿಂತು ದುಡಿಯುವವರಿಗೆ ಎಂಥ ಶೂ? ಅಳತೆ ತೆಗೆಯಬೇಕಾದ್ದು ಸಂಜೆಯ ಪಾದದಿಂದ

ಮುಂಬೈನ ಪಶ್ಚಿಮ ಉಪನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ, ಉಡುಪಿ ಮೂಲದ ನರ್ಸ್ ಒಬ್ಬರು ಒಂದೂವರೆ ವರ್ಷದಲ್ಲಿ ಮೂರು ಜೋಡಿ ಶೂ ಕೊಂಡರು. ಮೂರೂ ಕೆಲಸಕ್ಕೆ ಬರಲಿಲ್ಲ. ಮೊದಲನೆಯದು ಆಸ್ಪತ್ರೆ ಬಳಿಯ ಅಂಗಡಿಯಲ್ಲಿ ಸಿಕ್ಕ, ಐದನೇ ನಂಬರಿನ ಬಿಳಿ ಬೆಲ್ಲಿ ಶೂ. ಅದರಲ್ಲಿ ಕಿರುಬೆರಳಿನ ಮೇಲೆ ಆಣಿ ಬಂತು. ಎರಡನೆಯದು ಅದೇ ನಂಬರಿನ, ಒಳಗೆ ಮೆತ್ತನೆಯ ಮೆಮೊರಿ ಫೋಮ್ ಇದ್ದ ಶೂ. ಅಂಗಡಿಯಲ್ಲಿ ಹತ್ತಿಯ ಮೇಲೆ ನಡೆದಂತಿತ್ತು, ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಬಿಗಿಯಾಗಿದೆ ಎಂದುಕೊಂಡು ಮೂರನೇ ಬಾರಿ ನೇರವಾಗಿ ಏಳನೇ ನಂಬರು ತಂದರು. ಈಗ ಹಿಮ್ಮಡಿ ಜಾರತೊಡಗಿತು, ಹದಿನೈದು ದಿನದಲ್ಲಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಬಂತು.

ನಾಲ್ಕನೇ ಜೋಡಿ ಸರಿ ಹೋಯಿತು. ಅದು ಮೂರಕ್ಕಿಂತಲೂ ದುಬಾರಿಯದೇನೂ ಆಗಿರಲಿಲ್ಲ, ಮೆತ್ತಗೂ ಇರಲಿಲ್ಲ. ಬದಲಾದದ್ದು ಒಂದೇ. ಈ ಸಲ ಅವರು ಅಂಗಡಿಗೆ ಹೋಗುವ ಮೊದಲು, ಪಾಳಿ ಮುಗಿಸಿ ಮನೆಗೆ ಬಂದ ಕೂಡಲೇ ತಮ್ಮ ಪಾದವನ್ನು ಕಾಗದದ ಮೇಲಿಟ್ಟು ಅಳೆದಿದ್ದರು.

ಆಸ್ಪತ್ರೆಯ ನರ್ಸ್‌ಗಳು, ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಮಾಲ್‌ಗಳ ಮಾರಾಟ ಸಿಬ್ಬಂದಿ ಶೂ ಕೊಳ್ಳುವಾಗ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ರಜೆಯ ದಿನ, ವಿಶ್ರಾಂತಿ ಪಡೆದ ಪಾದಕ್ಕೆ, ಐದು ನಿಮಿಷ ನಡೆದು ನೋಡಿ ಶೂ ಆರಿಸುತ್ತಾರೆ. ಆ ಶೂ ಹೊರಬೇಕಾದ್ದು ಮಾತ್ರ ಹತ್ತನೇ, ಹನ್ನೆರಡನೇ ಗಂಟೆಯ ಪಾದವನ್ನು. ಈ ಎರಡೂ ಒಂದೇ ಅಳತೆಯ ಪಾದಗಳಲ್ಲ.

ಸಂಜೆಯ ಪಾದ ಏಕೆ ದೊಡ್ಡದು?

ನಡೆಯುವಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗುತ್ತವೆ. ಹಾಗೆ ಹಿಂಡಿದಾಗಲೆಲ್ಲ ಕಾಲಿನ ರಕ್ತನಾಳಗಳಲ್ಲಿರುವ ರಕ್ತ ಮೇಲಕ್ಕೆ, ಹೃದಯದ ಕಡೆಗೆ ಸಾಗುತ್ತದೆ. ಒಂದೇ ಕಡೆ ನಿಂತಾಗ ಈ ಪಂಪ್ ಬಹುತೇಕ ನಿಂತುಹೋಗುತ್ತದೆ. ರಕ್ತ ಕೆಳಗೇ ಉಳಿಯುತ್ತದೆ, ಅದರಲ್ಲಿನ ದ್ರವ ನಿಧಾನವಾಗಿ ಅಕ್ಕಪಕ್ಕದ ಅಂಗಾಂಶಕ್ಕೆ ಜಿನುಗುತ್ತದೆ. ಸಂಜೆ ಸಾಕ್ಸ್ ತೆಗೆದಾಗ ಕಣಕಾಲಿನ ಸುತ್ತ ಗೆರೆ ಮೂಡಿರುವುದು ಈ ಊತದಿಂದಲೇ.

ಇದರ ಜೊತೆಗೆ, ಇಡೀ ದಿನ ದೇಹದ ಭಾರ ಹೊತ್ತ ಪಾದದ ಕಮಾನು ಸ್ವಲ್ಪ ತಗ್ಗುತ್ತದೆ. ಕಮಾನು ತಗ್ಗಿದರೆ ಪಾದ ಒಂದಿಷ್ಟು ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಬದಲಾವಣೆ ಕೆಲವೇ ಮಿಲಿಮೀಟರ್. ಆದರೆ ಶೂ ಒಳಗೆ ಇರುವ ಜಾಗವೂ ಮಿಲಿಮೀಟರ್‌ಗಳ ಲೆಕ್ಕದ್ದೇ.

ನಡೆಯುವುದಕ್ಕಿಂತ ನಿಂತಿರುವುದೇ ಹೆಚ್ಚು ದಣಿಸುತ್ತದೆ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುವವರು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ವಾರ್ಡಿನಲ್ಲಿ ಓಡಾಡುವ ನರ್ಸ್‌ಗೆ ಮೀನಖಂಡದ ಪಂಪ್ ಆಗಾಗ ಕೆಲಸ ಮಾಡುತ್ತಿರುತ್ತದೆ. ಗ್ರಾನೈಟ್ ನೆಲದ ಮೇಲೆ ಕೌಂಟರಿನ ಹಿಂದೆ ಒಂದೇ ಕಡೆ ನಿಲ್ಲುವವರಿಗೆ ಆ ಅನುಕೂಲವೂ ಇಲ್ಲ. ಆದ್ದರಿಂದ ಶೂವಿನಲ್ಲಿ ಸಂಜೆಗೆಂದು ಜಾಗ ಬಿಡುವುದು ಇಬ್ಬರಿಗೂ ಬೇಕು, ಅಂಗಡಿ ಸಿಬ್ಬಂದಿಗೆ ಇನ್ನೂ ಹೆಚ್ಚು ಬೇಕು.

ಮೆತ್ತನೆಯ ಶೂ ಮೋಸ ಮಾಡುವುದು ಹೇಗೆ?

ಶೂ ಅಂಗಡಿಯಲ್ಲಿ ಕೈ ಮೊದಲು ಹೋಗುವುದು ಮೆತ್ತನೆಯ ಶೂ ಕಡೆಗೆ. ಮೆಮೊರಿ ಫೋಮ್ ಪಾದದ ಆಕಾರಕ್ಕೆ ತಗ್ಗಿ ಕೂರುತ್ತದೆ, ಹಾಗಾಗಿ ಹಾಕಿದ ಕೂಡಲೇ ಹಿತವೆನಿಸುತ್ತದೆ. ಆದರೆ ಬಿಡುವಿಲ್ಲದೆ ಭಾರ ಬಿದ್ದಾಗ ಅದು ತಗ್ಗಿಯೇ ಇರುತ್ತದೆ. ಕೆಲವು ಗಂಟೆಗಳ ನಂತರ ಹಿಮ್ಮಡಿಯ ಕೆಳಗೆ ಉಳಿಯುವುದು ತೆಳುವಾದ, ಒತ್ತಿ ಗಟ್ಟಿಯಾದ ಪದರ ಮಾತ್ರ.

ಇನ್ನೊಂದು ತೊಂದರೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮೆತ್ತನೆಯ ತಳದ ಮೇಲೆ ಪಾದ ಸ್ಥಿರವಾಗಿ ನಿಲ್ಲುವುದಿಲ್ಲ, ಒಳಕ್ಕೋ ಹೊರಕ್ಕೋ ವಾಲುತ್ತಿರುತ್ತದೆ. ಅದನ್ನು ನೇರವಾಗಿ ಹಿಡಿದಿಡಲು ಪಾದದ, ಕಣಕಾಲಿನ ಸಣ್ಣ ಸ್ನಾಯುಗಳು ದಿನವಿಡೀ ದುಡಿಯಬೇಕು. ಮರಳಿನ ಮೇಲೆ ನಡೆದರೆ ಬೇಗ ಸುಸ್ತಾಗುವಂತೆಯೇ ಇದು. ಮುಂಬೈ ನರ್ಸ್‌ಗೆ ಎರಡನೇ ಜೋಡಿ ಮೊದಲ ಎರಡು ಗಂಟೆ ಹಿತವೆನಿಸಿ ಆಮೇಲೆ ಕೈಕೊಟ್ಟದ್ದಕ್ಕೆ ಕಾರಣ ಇದು. ಮೇಲಾಗಿ ದಪ್ಪ ಫೋಮ್ ಶೂ ಒಳಗಿನ ಜಾಗವನ್ನೂ ತಿಂದಿತ್ತು, ಬೆರಳುಗಳಿಗೆ ಉಳಿದದ್ದು ಮೊದಲಿಗಿಂತ ಕಡಿಮೆ.

ಹಾಗೆಂದು ಗಟ್ಟಿ ಶೂ ಒಳ್ಳೆಯದೆಂದು ಅರ್ಥವಲ್ಲ. ಗಟ್ಟಿ ಪಿವಿಸಿ ಅಟ್ಟೆಯ ಅಗ್ಗದ ಫಾರ್ಮಲ್ ಶೂ ಹಾಕಿ ಟೈಲ್ಸ್ ಮೇಲೆ ನಿಂತರೆ ಪ್ರತಿ ಹೆಜ್ಜೆಯ ಪೆಟ್ಟು ನೇರವಾಗಿ ಹಿಮ್ಮಡಿಗೆ ಬೀಳುತ್ತದೆ. ಬೇಕಾದ್ದು ಇವೆರಡರ ನಡುವಿನದು. ಅಟ್ಟೆಯ ಮಧ್ಯದ ಪದರವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಸ್ವಲ್ಪ ತಗ್ಗಬೇಕು, ಬೆರಳು ತೆಗೆದ ತಕ್ಷಣ ಮೇಲೆದ್ದು ಬರಬೇಕು. ಬೆರಳಿನ ಗುಳಿ ಹಾಗೇ ಉಳಿದರೆ ಅದು ಪಾಳಿಯ ಅರ್ಧಕ್ಕೇ ಸೋಲುವ ಶೂ.

ಕಾಗದ, ಪೆನ್ಸಿಲ್ ಮತ್ತು ಸ್ಕೇಲು

ಅಳತೆಗೆ ಬೇಕಾದ್ದು ಇಷ್ಟೇ. ಪಾಳಿ ಮುಗಿಸಿ ಬಂದ ದಿನವೇ, ಕೆಲಸಕ್ಕೆ ಹಾಕುವ ಸಾಕ್ಸ್ ತೊಟ್ಟು, ಗಟ್ಟಿ ನೆಲದ ಮೇಲೆ ಬಿಳಿ ಕಾಗದವಿಟ್ಟು ಅದರ ಮೇಲೆ ನಿಲ್ಲಬೇಕು. ಕುಳಿತು ಅಳೆದರೆ ಪಾದದ ಮೇಲೆ ಭಾರ ಬೀಳುವುದಿಲ್ಲ, ಅಳತೆ ಚಿಕ್ಕದಾಗಿ ಬರುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ತಾವೇ ಬಗ್ಗಿದರೆ ಭಾರ ಆಚೀಚೆ ಆಗುವುದರಿಂದ ಈ ಕೆಲಸವನ್ನು ಮನೆಯಲ್ಲಿರುವ ಇನ್ನೊಬ್ಬರು ಮಾಡಿದರೆ ಒಳಿತು. ಎರಡೂ ಪಾದಗಳನ್ನು ಅಳೆಯಬೇಕು, ಏಕೆಂದರೆ ಎಡ ಬಲ ಪಾದಗಳು ಒಂದೇ ಅಳತೆಯಲ್ಲಿರುವುದು ಅಪರೂಪ. ಲೆಕ್ಕಕ್ಕೆ ಹಿಡಿಯಬೇಕಾದ್ದು ದೊಡ್ಡ ಪಾದ.

ಆಮೇಲೆ ಎರಡು ಅಳತೆ. ಒಂದು, ಹಿಮ್ಮಡಿಯ ತುದಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ. ಹಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳೇ ಉದ್ದ ಇರುತ್ತದೆ. ಇನ್ನೊಂದು, ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲವಾಗಿರುವ ಕಡೆ, ಹೆಬ್ಬೆರಳಿನ ಬುಡದ ಗಂಟಿನಿಂದ ಕಿರುಬೆರಳಿನ ಬುಡದವರೆಗೆ.

ಮುಂಬೈ ನರ್ಸ್ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಳೆದಾಗ ಬಲ ಪಾದ 24.0 ಸೆಂಟಿಮೀಟರ್ ಉದ್ದ, 9.5 ಸೆಂಟಿಮೀಟರ್ ಅಗಲ ಇತ್ತು. ರಾತ್ರಿ ಬಂದು ಅಳೆದಾಗ ಅದೇ ಪಾದ 24.4 ಉದ್ದ, 9.8 ಅಗಲ. ನಂತರ ಅವರು ಹಳೆಯ ಶೂಗಳ ಒಳಗಿನ ಇನ್‌ಸೋಲ್ ಹೊರತೆಗೆದು ಕಾಗದದ ಗೆರೆಯ ಮೇಲಿಟ್ಟು ನೋಡಿದರು.

ಐದನೇ ನಂಬರಿನ ಇನ್‌ಸೋಲ್ 24.7 ಸೆಂಟಿಮೀಟರ್ ಉದ್ದವಿತ್ತು. ಅಂದರೆ ರಾತ್ರಿಯ ಪಾದಕ್ಕೆ ಬೆರಳಿನ ಮುಂದೆ ಉಳಿದದ್ದು ಬರೀ 3 ಮಿಲಿಮೀಟರ್. ಹೆಜ್ಜೆ ಇಟ್ಟಾಗ ಪಾದ ಶೂವಿನೊಳಗೆ ತುಸು ಮುಂದಕ್ಕೆ ಸರಿಯುತ್ತದೆ, ಅದಕ್ಕಾಗಿ ಸುಮಾರು 1 ಸೆಂಟಿಮೀಟರ್ ಖಾಲಿ ಇರಬೇಕು. ಅಗಲ ಇನ್ನೂ ಕೆಟ್ಟದಾಗಿತ್ತು. ಇನ್‌ಸೋಲ್ 8.7, ಪಾದ 9.8. ಪಾದದ ಅಂಚು ದುಂಡಗಿರುವುದರಿಂದ ಅದು ಇನ್‌ಸೋಲಿಗಿಂತ ನಾಲ್ಕೈದು ಮಿಲಿಮೀಟರ್ ಹೊರಚಾಚಿದರೆ ತೊಂದರೆಯಿಲ್ಲ, ಶೂವಿನ ಮೇಲ್ಭಾಗ ಅಷ್ಟಕ್ಕೆ ಜಾಗ ಕೊಡುತ್ತದೆ. ಇಲ್ಲಿ ಚಾಚಿದ್ದು 11 ಮಿಲಿಮೀಟರ್. ಕಿರುಬೆರಳಿನ ಆಣಿ ಬಂದದ್ದು ಎಲ್ಲಿಂದ ಎಂದು ಕಾಗದವೇ ಹೇಳಿತು.

ನಂಬರು ಏರಿಸಿದರೆ ಅಗಲ ಸಿಗುವುದಿಲ್ಲ

ಹಾಗಾದರೆ ಏಳನೇ ನಂಬರು ಏಕೆ ಸರಿಹೋಗಲಿಲ್ಲ? ಭಾರತದ ಅಂಗಡಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಅಗಲ ಹೆಚ್ಚುವುದು ಸುಮಾರು ಎರಡು ಮಿಲಿಮೀಟರ್ ಮಾತ್ರ. ಎರಡು ನಂಬರು ಏರಿಸಿದ ನರ್ಸ್‌ಗೆ ಇನ್‌ಸೋಲಿನ ಅಗಲ 9.1ಕ್ಕೆ ಬಂತು, ಅಂದರೆ ಪಾದ ಆಗಲೂ 7 ಮಿಲಿಮೀಟರ್ ಹೊರಗೆ ಚಾಚುತ್ತಿತ್ತು. ಉದ್ದ ಮಾತ್ರ 26.5 ಆಗಿ, ಬೆರಳಿನ ಮುಂದೆ ಎರಡು ಸೆಂಟಿಮೀಟರಿಗೂ ಹೆಚ್ಚು ಜಾಗ ಖಾಲಿ ಬಿತ್ತು.

ಉದ್ದ ಹೆಚ್ಚಾದರೆ ಇನ್ನೊಂದು ಎಡವಟ್ಟೂ ಇದೆ. ಹೆಜ್ಜೆ ಇಡುವಾಗ ಪಾದ ಬಾಗುವುದು ಬೆರಳುಗಳ ಬುಡದಲ್ಲಿ. ಶೂ ಕೂಡ ಅಲ್ಲಿಯೇ ಬಾಗಬೇಕು. ದೊಡ್ಡ ಶೂವಿನಲ್ಲಿ ಬಾಗುವ ಜಾಗ ಮುಂದಕ್ಕೆ ಹೋಗಿರುತ್ತದೆ. ಪಾದ ಒಂದು ಕಡೆ, ಶೂ ಇನ್ನೊಂದು ಕಡೆ ಬಾಗುವುದರಿಂದ ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆದ್ದು ಉಜ್ಜುತ್ತದೆ. ಶೂ ಬಿದ್ದುಹೋಗದಂತೆ ಬೆರಳುಗಳು ತಳವನ್ನು ಉಡದಂತೆ ಹಿಡಿದುಕೊಳ್ಳುತ್ತವೆ. ಸಂಜೆಗೆ ಅಂಗಾಲು ಸೆಳೆಯುವುದು ಈ ಹಿಡಿತದಿಂದ.

ಅಗಲದ ಈ ತೊಂದರೆ ಒಬ್ಬಿಬ್ಬರದಲ್ಲ. ಚೆನ್ನೈನ ಅಡ್ಯಾರಿನಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ, ಅಂದರೆ ಸಿಎಲ್‌ಆರ್‌ಐ, 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ತ್ರೀಡಿ ಸ್ಕ್ಯಾನರ್‌ನಿಂದ ಅಳೆಯಿತು. ಅಲ್ಲಿ ಕಂಡ ಮುಖ್ಯ ಸಂಗತಿ, ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು. ನಮ್ಮ ಮಾರುಕಟ್ಟೆಯ ಅಳತೆ ಅವರದ್ದಾದ್ದರಿಂದ ಇಲ್ಲಿನ ಜನ ಬಿಗಿಯಾದ ಶೂವನ್ನೋ, ಬಿಗಿ ತಪ್ಪಿಸಲು ಬೇಕಾದ್ದಕ್ಕಿಂತ ಉದ್ದದ ಶೂವನ್ನೋ ಹಾಕುತ್ತಿದ್ದಾರೆ. ಈ ಅಧ್ಯಯನದ ಆಧಾರದ ಮೇಲೆ ರೂಪಿಸಿದ ಭಾರತೀಯ ಅಳತೆ ಪದ್ಧತಿಗೆ ‘ಭ’ ಎಂದು ಹೆಸರಿಡಲಾಗಿದೆ.

ಆ ಅಳತೆಯ ಶೂ ಕೈಗೆ ಸಿಗುವವರೆಗೂ ಗ್ರಾಹಕರಿಗೆ ಇರುವ ದಾರಿ ಎರಡು. ಪೆಟ್ಟಿಗೆಯ ಮೇಲೆ ‘ವೈಡ್’ ಎಂದು ನಮೂದಿಸಿದ, ಕೆಲವು ಕಂಪನಿಗಳು ತಯಾರಿಸುವ ಅಗಲದ ಮಾದರಿ ಕೇಳುವುದು ಒಂದು. ಬೆರಳಿನ ಭಾಗ ಚೂಪಾಗಿರದೆ ದುಂಡಗಿರುವ, ಮೇಲ್ಭಾಗ ಹಿಗ್ಗುವ ಬಟ್ಟೆಯದೋ ಮೆದು ಚರ್ಮದ್ದೋ ಆಗಿರುವ ಶೂ ಹುಡುಕುವುದು ಇನ್ನೊಂದು. ಮಹಿಳೆಯರು ಪುರುಷರ ವಿಭಾಗದಲ್ಲೂ ನೋಡಬಹುದು. ಅದೇ ಉದ್ದಕ್ಕೆ ಅಲ್ಲಿ ಸಾಮಾನ್ಯವಾಗಿ ಅಗಲ ಹೆಚ್ಚು ಸಿಗುತ್ತದೆ. ಮುಂಬೈ ನರ್ಸ್ ಕೊನೆಗೆ ಕೊಂಡದ್ದು ಆರನೇ ನಂಬರಿನ ಅಗಲದ ಮಾದರಿ. ಅದರ ಇನ್‌ಸೋಲ್ 25.6 ಉದ್ದ, 9.4 ಅಗಲ. ಬೆರಳಿನ ಮುಂದೆ 12 ಮಿಲಿಮೀಟರ್ ಜಾಗ, ಅಗಲದಲ್ಲಿ 4 ಮಿಲಿಮೀಟರ್ ಚಾಚು. ಎರಡೂ ಮಿತಿಯೊಳಗೆ.

ಇನ್‌ಸೋಲ್ ಅಂಟಿಸಿದ್ದು ಹೊರಗೆ ಬರದಿದ್ದರೆ ಉದ್ದ ನೋಡಲು ಸುಲಭ ಉಪಾಯವಿದೆ. ಪಾದದ ಉದ್ದಕ್ಕೆ 1 ಸೆಂಟಿಮೀಟರ್ ಸೇರಿಸಿ, ಅಷ್ಟು ಉದ್ದದ ಪಟ್ಟಿಯೊಂದನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಕೊಂಡು ಹೋಗಿ ಶೂವಿನೊಳಗೆ ಇಡಬೇಕು. ಪಟ್ಟಿ ಮಡಚದೆ ಚಪ್ಪಟೆಯಾಗಿ ಕೂತರೆ ಉದ್ದ ಸಾಕು. ಆನ್‌ಲೈನ್‌ನಲ್ಲಿ ತರಿಸಿದ ಶೂವಿಗೂ ಇದೇ ಪರೀಕ್ಷೆ. ಅದನ್ನು ಕೆಲಸದ ದಿನ ಸಂಜೆ, ಮನೆಯ ಒರೆಸಿದ ನೆಲದ ಮೇಲೆ ಒಂದು ಗಂಟೆ ಹಾಕಿ ನೋಡಿದರೆ ವಾಪಸು ಮಾಡುವ ಅವಧಿಯೊಳಗೇ ಸತ್ಯ ಗೊತ್ತಾಗುತ್ತದೆ. ‘ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತದೆ’ ಎಂಬ ಅಂಗಡಿಯವರ ಮಾತು ಮೆದು ಚರ್ಮಕ್ಕೆ ಅಷ್ಟಿಷ್ಟು ಸರಿ. ರೆಕ್ಸಿನ್ ಶೂವಿಗೆ ಅದು ಅನ್ವಯಿಸುವುದಿಲ್ಲ, ಉದ್ದ ಕಡಿಮೆಯಿರುವ ಶೂ ಯಾವುದೇ ಇರಲಿ, ಹಾಕುತ್ತಾ ಉದ್ದವಾಗುವುದಿಲ್ಲ.

ಅಂಗಡಿಯಲ್ಲಿ ಕೈಯಿಂದಲೇ ಮೂರು ಪರೀಕ್ಷೆ

ಅಳತೆ ಹೊಂದಿದ ಮೇಲೆ ಶೂವಿನ ಕಟ್ಟುವಿಕೆ ನೋಡಬೇಕು. ಇದಕ್ಕೆ ಶೂವನ್ನು ಕಾಲಿಗೆ ಹಾಕುವ ಮೊದಲು ಕೈಯಲ್ಲಿ ಹಿಡಿಯಬೇಕು.

ಮೊದಲನೆಯದಾಗಿ, ಹಿಮ್ಮಡಿಯನ್ನು ಹಿಂದಿನಿಂದ ಸುತ್ತುವರಿಯುವ ಭಾಗವನ್ನು ಎರಡೂ ಬದಿಯಿಂದ ಬೆರಳಿನಲ್ಲಿ ಹಿಸುಕಬೇಕು. ಅದು ಗಟ್ಟಿಯಾಗಿ ಎದುರೊಡ್ಡಿದರೆ ಹಿಮ್ಮಡಿಯನ್ನು ನೇರವಾಗಿ ಹಿಡಿಯುತ್ತದೆ. ಬಟ್ಟೆಯ ಹಾಗೆ ಕುಸಿದರೆ ಹಿಡಿಯುವುದಿಲ್ಲ. ಬೆಲ್ಲಿ ಶೂಗಳು ಹೆಚ್ಚಾಗಿ ಸೋಲುವುದು ಇಲ್ಲಿ.

ಎರಡನೆಯದಾಗಿ, ಶೂವಿನ ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಬೇಕು. ಮುಂದಿನ ಮೂರನೇ ಒಂದು ಭಾಗದಲ್ಲಿ, ಬೆರಳಿನ ಬುಡ ಬರುವಲ್ಲಿ ಬಾಗಿದರೆ ಸರಿ. ನಟ್ಟನಡುವೆ ಪುಸ್ತಕದಂತೆ ಮಡಚಿದರೆ ಪಾದದ ಕಮಾನಿಗೆ ಆಸರೆಯೇ ಇಲ್ಲ ಎಂದರ್ಥ.

ಮೂರನೆಯದಾಗಿ, ಒದ್ದೆ ಬಟ್ಟೆ ಹಿಂಡುವಂತೆ ಶೂವನ್ನು ತಿರುಚಬೇಕು. ಸ್ವಲ್ಪ ತಿರುಗಿ ನಿಂತರೆ ಒಳ್ಳೆಯದು, ಸಲೀಸಾಗಿ ಸುತ್ತಿಕೊಂಡರೆ ಬೇಡ.

ಇದರ ಜೊತೆಗೆ ಹಿಮ್ಮಡಿಯ ಎತ್ತರವೂ ಮುಖ್ಯ. ಪೂರ್ತಿ ಚಪ್ಪಟೆಯಾದ ಶೂ ಹಿಮ್ಮಡಿಯ ಹಿಂದಿನ ನರವನ್ನು, ಅಂಗಾಲನ್ನು ಎಳೆಯುತ್ತದೆ. ಎತ್ತರದ ಹೀಲ್ಸ್ ಭಾರವನ್ನೆಲ್ಲ ಬೆರಳಿನ ಬುಡಕ್ಕೆ ತಳ್ಳುತ್ತದೆ. ಮುಂಭಾಗಕ್ಕಿಂತ ಹಿಮ್ಮಡಿ ಒಂದರಿಂದ ಎರಡು ಸೆಂಟಿಮೀಟರ್ ಎತ್ತರವಿದ್ದರೆ ಹೆಚ್ಚಿನವರಿಗೆ ಹೊಂದುತ್ತದೆ. ಲೇಸ್ ಅಥವಾ ವೆಲ್ಕ್ರೋ ಪಟ್ಟಿ ಇರುವ ಶೂ ಸ್ಲಿಪ್-ಆನ್‌ಗಿಂತ ಮೇಲು, ಏಕೆಂದರೆ ಮಧ್ಯಾಹ್ನ ಪಾದ ಊದಿದಾಗ ಅದನ್ನು ಒಂದು ಎಳೆ ಸಡಿಲಿಸಬಹುದು. ಸ್ಲಿಪ್-ಆನ್ ಶೂ ಬೆಳಿಗ್ಗೆ ಸಡಿಲ ಇರಬೇಕು ಇಲ್ಲವೇ ಸಂಜೆ ಬಿಗಿಯಾಗಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಆಸ್ಪತ್ರೆಯ ನೆಲ ಬೇರೆ, ಅಂಗಡಿಯ ನೆಲ ಬೇರೆ

ನರ್ಸ್‌ಗಳಿಗೆ ಆರಾಮದಷ್ಟೇ ಸುರಕ್ಷತೆಯೂ ಬೇಕು. ಕೈಜಾರಿ ಬಿದ್ದ ಸೂಜಿ, ಚೆಲ್ಲಿದ ರಕ್ತ, ಔಷಧ ಎಲ್ಲವೂ ಬೀಳುವುದು ಪಾದದ ಮೇಲೆ. ಹಾಗಾಗಿ ಮುಂಭಾಗ, ಮೇಲ್ಭಾಗ ಎರಡೂ ಮುಚ್ಚಿರಬೇಕು. ಮೇಲೆ ತೂತುಗಳಿರುವ ಕ್ಲಾಗ್ ಹಗುರವಾಗಿ, ಅಗಲವಾಗಿ ಇರುತ್ತದೆ ನಿಜ, ಆದರೆ ಆ ತೂತುಗಳೇ ಅದರ ದೋಷ. ತೂತಿಲ್ಲದ, ಹಿಂದೆ ಪಟ್ಟಿ ಇರುವ ಮಾದರಿಯಾದರೆ ಅಡ್ಡಿಯಿಲ್ಲ. ಬಲೆಯಂತಹ ಬಟ್ಟೆಯ ಸ್ಪೋರ್ಟ್ಸ್ ಶೂ ಗಾಳಿಯಾಡುತ್ತದೆ, ಆದರೆ ಚೆಲ್ಲಿದ್ದನ್ನು ಹೀರಿಕೊಳ್ಳುತ್ತದೆ. ಒರೆಸಿ ಸ್ವಚ್ಛ ಮಾಡಲು ಬರುವ ಮೇಲ್ಮೈ ವಾರ್ಡಿಗೆ ಹೊಂದುತ್ತದೆ.

ಒರೆಸಿದ ನೆಲದ ಮೇಲೆ ಜಾರುವುದು ಇನ್ನೊಂದು ಅಪಾಯ. ಗಟ್ಟಿ ಪಿವಿಸಿ ಅಟ್ಟೆಗಿಂತ ರಬ್ಬರ್ ಅಟ್ಟೆಯ ಹಿಡಿತ ಒಳ್ಳೆಯದು. ನೀರು ಹೊರಗೆ ಹರಿದುಹೋಗಲು ಅಂಚಿನವರೆಗೂ ತೆರೆದ ಸಣ್ಣ ಕಾಲುವೆಗಳು ಅಟ್ಟೆಯಲ್ಲಿ ಇರಬೇಕು. ಕೆಲಸದ ಶೂಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15298 ಎಂಬ ಮಾನದಂಡವಿದೆ. ಅದರ ನಾಲ್ಕನೇ ಭಾಗ ಬೆರಳಿಗೆ ಉಕ್ಕಿನ ಕವಚ ಬೇಕಿಲ್ಲದ ಕೆಲಸಗಳ ಶೂಗಳಿಗೆ ಸಂಬಂಧಿಸಿದ್ದು. ಕಾರ್ಖಾನೆಯ ಭಾರದ ಸೇಫ್ಟಿ ಶೂ ನರ್ಸ್‌ಗಾಗಲೀ ಮಾರಾಟ ಸಿಬ್ಬಂದಿಗಾಗಲೀ ಬೇಕಿಲ್ಲ.

ಅಂಗಡಿ ಸಿಬ್ಬಂದಿಗೆ ಅಡ್ಡ ಬರುವುದು ಹೆಚ್ಚಾಗಿ ಸಮವಸ್ತ್ರದ ನಿಯಮ. ಪುಣೆಯ ಮಾಲ್ ಒಂದರ ಮೊಬೈಲ್ ಮಳಿಗೆಯಲ್ಲಿರುವ ಯುವಕನಿಗೆ ಕಪ್ಪು ಫಾರ್ಮಲ್ ಶೂ ಕಡ್ಡಾಯ ಎಂದಿಟ್ಟುಕೊಳ್ಳೋಣ. ಅವರು ಸಾಮಾನ್ಯವಾಗಿ ಕೊಳ್ಳುವುದು ಚೂಪು ಮೂತಿಯ, ತೆಳು ಅಟ್ಟೆಯ ಶೂ. ನಿಯಮ ಹೇಳುವುದು ಬಣ್ಣ ಮತ್ತು ನೋಟವನ್ನು, ಅಟ್ಟೆಯನ್ನಲ್ಲ. ದುಂಡು ಮೂತಿಯ, ಲೇಸ್ ಇರುವ, ತಳ ಮಾತ್ರ ಸ್ಪೋರ್ಟ್ಸ್ ಶೂವಿನಂತಿರುವ ಪೂರ್ತಿ ಕಪ್ಪು ಶೂಗಳು ಈಗ ಸಿಗುತ್ತವೆ. ಕೌಂಟರಿನ ಆಚೆ ನಿಂತ ಗ್ರಾಹಕರಿಗೆ ವ್ಯತ್ಯಾಸ ಕಾಣುವುದೂ ಇಲ್ಲ. ಕೊಳ್ಳುವ ಮೊದಲು ಶೂವಿನ ಫೋಟೊವನ್ನು ಮೇಲ್ವಿಚಾರಕರಿಗೆ ತೋರಿಸಿ ಒಪ್ಪಿಗೆ ಪಡೆದರೆ ಹಣ ವ್ಯರ್ಥವಾಗುವುದಿಲ್ಲ.

ಇದ್ದ ಗಟ್ಟಿ ಶೂವಿನೊಳಗೆ ದಪ್ಪ ಜೆಲ್ ಇನ್‌ಸೋಲ್ ತುರುಕುವುದು ಹಲವರು ಮಾಡುವ ಅಗ್ಗದ ಉಪಾಯ. ಹಳೆಯ ಇನ್‌ಸೋಲ್ ತೆಗೆದು ಆ ಜಾಗಕ್ಕೆ ಹಾಕಿದರೆ ಪ್ರಯೋಜನವಾಗಬಹುದು. ಇದ್ದುದರ ಮೇಲೆಯೇ ಹಾಕಿದರೆ ಪಾದ ಮೇಲಕ್ಕೆದ್ದು ಬೆರಳುಗಳು ಶೂವಿನ ಸೂರಿಗೆ ತಾಗುತ್ತವೆ, ಹಿಮ್ಮಡಿ ಹಿಡಿತ ತಪ್ಪುತ್ತದೆ.

ಶೂ ಮುಗಿದಿದೆ ಎಂದು ತಿಳಿಯುವುದು ಹೇಗೆ?

ಅಟ್ಟೆ ಸವೆದು ತೂತಾಗುವವರೆಗೆ ಶೂ ಹಾಕುವುದು ನಮ್ಮಲ್ಲಿ ರೂಢಿ. ಆದರೆ ದಿನವಿಡೀ ನಿಲ್ಲುವವರ ಶೂವಿನಲ್ಲಿ ಹೊರಗಿನ ಅಟ್ಟೆಗಿಂತ ಮೊದಲು ಒಳಗಿನ ಫೋಮ್ ಸಾಯುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟದಲ್ಲಿ ನೋಡಬೇಕು. ಒಳಕ್ಕೋ ಹೊರಕ್ಕೋ ವಾಲಿದ್ದರೆ, ಅಟ್ಟೆಯ ಪಕ್ಕದ ಪದರದಲ್ಲಿ ಅಡ್ಡ ಸುಕ್ಕುಗಳು ಮೂಡಿ ಹಾಗೇ ಉಳಿದಿದ್ದರೆ ಅದರ ಕೆಲಸ ಮುಗಿದಿದೆ. ಹೊಸದಾಗಿದ್ದಾಗ ಬಾರದಿದ್ದ ಮೊಣಕಾಲು, ಸೊಂಟದ ನೋವು ಪಾಳಿಯ ಕೊನೆಗೆ ಬರತೊಡಗಿದರೂ ಶೂವಿನ ಕಡೆಗೊಮ್ಮೆ ನೋಡಬೇಕು. ದಿನಾ ಹಾಕುವ ಒಂದೇ ಜೋಡಿ ಈ ಸ್ಥಿತಿಗೆ ಬರಲು ಕೆಲವು ತಿಂಗಳು ಸಾಕು.

ಕೈಯಲ್ಲಿ ಹಣವಿದ್ದಾಗ ಒಂದು ದುಬಾರಿ ಜೋಡಿಗಿಂತ ಎರಡು ಸಾಧಾರಣ ಜೋಡಿ ಕೊಂಡು ದಿನ ಬಿಟ್ಟು ದಿನ ಹಾಕುವುದು ಉತ್ತಮ. ಬೆವರು ಪೂರ್ತಿ ಆರಲು, ತಗ್ಗಿದ ಫೋಮ್ ಮೇಲೇಳಲು ಒಂದು ದಿನ ಸಿಗುತ್ತದೆ. ಮುಂಬೈ, ಚೆನ್ನೈಯ ಮಳೆಗಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಒದ್ದೆ ಶೂವನ್ನೇ ಮರುದಿನವೂ ಹಾಕಿದರೆ ಬೆರಳುಸಂದಿಯಲ್ಲಿ ಶಿಲೀಂಧ್ರದ ಸೋಂಕು ಬರುವುದು ಖಚಿತವೆನ್ನುವಷ್ಟು ಸಾಮಾನ್ಯ.

ಶೂ ಮಾಡಲಾಗದ ಕೆಲಸ

ನಾಲ್ಕನೇ ಜೋಡಿಯಲ್ಲಿ ಮುಂಬೈ ನರ್ಸ್‌ಗೆ ಬೆರಳಿನ ಜೋಮು ನಿಂತಿತು, ಆಣಿಯ ನೋವೂ ಕಡಿಮೆಯಾಯಿತು. ಆದರೆ ಹಿಮ್ಮಡಿಯ ಒಂದು ನೋವು ಹೋಗಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಕೆಲವು ಹೆಜ್ಜೆಗಳಿಗೆ ಮೊಳೆ ಚುಚ್ಚಿದಂತಾಗಿ, ಓಡಾಡಿದ ಮೇಲೆ ಕಡಿಮೆಯಾಗುತ್ತಿತ್ತು. ಇದು ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿಯ ಉರಿಯೂತದ, ಅಂದರೆ ಪ್ಲಾಂಟರ್ ಫೇಸಿಯೈಟಿಸ್‌ನ, ಬಹುಪರಿಚಿತ ಲಕ್ಷಣ. ಶೂ ಇದನ್ನು ಹೆಚ್ಚಾಗದಂತೆ ತಡೆಯಬಹುದು, ಗುಣಪಡಿಸಲು ವ್ಯಾಯಾಮ ಮತ್ತು ಚಿಕಿತ್ಸೆ ಬೇಕು. ಅವರಿಗೆ ಮೂಳೆ ವೈದ್ಯರು ಮೀನಖಂಡ ಮತ್ತು ಅಂಗಾಲು ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ನೋವು ಕಡಿಮೆಯಾಗಲು ತಿಂಗಳುಗಳೇ ಹಿಡಿದವು.

ಒಂದೇ ಕಾಲು ಊದಿಕೊಂಡರೆ, ಮೀನಖಂಡ ಬಿಸಿಯಾಗಿ ಕೆಂಪಾಗಿ ನೋಯತೊಡಗಿದರೆ ಶೂ ಬದಲಿಸುತ್ತಾ ಕೂರದೆ ತಕ್ಷಣ ವೈದ್ಯರನ್ನು ಕಾಣಬೇಕು. ಮಧುಮೇಹ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಅಂಥವರಿಗೆ ‘ಬಿಗಿ ಅನಿಸುತ್ತಿಲ್ಲ’ ಎಂಬುದು ಶೂ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಕಾಗದದ ಅಳತೆಯೇ ಸಾಕ್ಷಿ. ಪಾಳಿ ಮುಗಿದ ಮೇಲೆ ಪ್ರತಿದಿನ ಪಾದದಲ್ಲಿ ಕೆಂಪು ಗುರುತು, ಗಾಯ ಇದೆಯೇ ಎಂದು ಅವರು ನೋಡಿಕೊಳ್ಳಬೇಕು.

ಇನ್ನು, ಯಾವ ಶೂ ಕೂಡ ಕುರ್ಚಿಯ ಜಾಗ ತುಂಬುವುದಿಲ್ಲ. ಕೇರಳದ ಬಟ್ಟೆ ಅಂಗಡಿಗಳ ಮಹಿಳಾ ಸಿಬ್ಬಂದಿ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ತನ್ನ 1947ರ ಅಂಗಡಿಗಳ ಕಾನೂನಿಗೆ 22-ಎ ಎಂಬ ಹೊಸ ಕಲಮು ಸೇರಿಸಿತು. ಕೆಲಸದ ನಡುವೆ ಬಿಡುವು ಸಿಕ್ಕಾಗ ಕುಳಿತುಕೊಳ್ಳಲು ಪ್ರತಿ ಸಂಸ್ಥೆಯೂ ಆಸನ ಇಡಬೇಕು ಎಂಬುದು ಅದರ ಸಾರ. ಚೆನ್ನೈನ ಟಿ. ನಗರದ ಮಳಿಗೆಗಳಲ್ಲಿ ದುಡಿಯುವ ಕನ್ನಡಿಗರಿಗೂ ಈ ಹಕ್ಕು ಇದೆ.

ಕುಳಿತುಕೊಳ್ಳಲು ಐದು ನಿಮಿಷವೂ ಸಿಗದ ದಿನಗಳಲ್ಲಿ ನಿಂತಲ್ಲೇ ಹಿಮ್ಮಡಿಯನ್ನು ಇಪ್ಪತ್ತು ಬಾರಿ ಮೇಲೆತ್ತಿ ಇಳಿಸಿದರೆ ಮೀನಖಂಡದ ಪಂಪ್ ಮತ್ತೆ ಓಡುತ್ತದೆ. ಮುಂಬೈ ನರ್ಸ್ ಈಗ ಇದನ್ನು ಔಷಧದ ಟ್ರಾಲಿ ಹಿಡಿದುಕೊಂಡೇ ಮಾಡುತ್ತಾರೆ. ವಾರ್ಡಿಗೆ ಹೊಸದಾಗಿ ಸೇರಿದ ಕಿರಿಯ ನರ್ಸ್ ಒಬ್ಬರು ಇತ್ತೀಚೆಗೆ ಅವರ ಶೂ ನೋಡಿ, “ಸಿಸ್ಟರ್, ಇದು ಯಾವ ಕಂಪನಿಯದು, ನನಗೂ ಇಂಥದ್ದೇ ಬೇಕು” ಎಂದರಂತೆ. ಅವರು ಕಂಪನಿಯ ಹೆಸರು ಹೇಳುವ ಮೊದಲು ಕೊಟ್ಟ ಉತ್ತರ, “ಕಂಪನಿ ಆಮೇಲೆ ಹೇಳ್ತೇನೆ. ಇವತ್ತು ರಾತ್ರಿ ರೂಮಿಗೆ ಹೋದ ಕೂಡಲೇ ಒಂದು ಕಾಗದದ ಮೇಲೆ ನಿಂತುಕೊಳ್ಳಿ.”